ಒಸಾಸ್ಕಾಂಪ್ ಬಾಯಿಪಾಠ ಸಾಕಾ?

"ಇಂಗ್ಲಿಷಿನಲ್ಲಿ ವಿಶೇಷಣಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು ಅನ್ನೋದಕ್ಕೆ ಇರುವ ಒಸಾಸ್ಕಾಂಪ್ ಸೂತ್ರ ಬಾಯಿಪಾಠ ಆಗಿದೆ ಸರ್, ಆದ್ರೂ ಬರೆಯುವಾಗ ತಪ್ಪುತ್ತೆ. ಬೇರೆ ಸೂತ್ರ ಇದೆಯಾ?"

ಆ ಸೂತ್ರದಲ್ಲೇ ಒಂದು ತೊಡಕಿದೆ. ಅದರಲ್ಲಿ 'ಓ' ಎರಡು, 'ಎಸ್' ಎರಡು, ಅಲ್ವಾ? ಮೊದಲ ಓ ಒಪಿನಿಯನ್, ಎರಡನೆಯದು ಒರಿಜಿನ್. ಮೊದಲ ಎಸ್ ಸೈಜ್, ಏಜ್ ಆದಮೇಲಿನದು ಶೇಪ್. ಅವಸರದಲ್ಲಿ ಇವೇ ಅದಲುಬದಲಾಗುತ್ತವೆ. ಉಳಿದ ಕಲರ್, ಮೆಟೀರಿಯಲ್, ಪರ್ಪಸ್ ಅಷ್ಟು ಕಾಡುವುದಿಲ್ಲ.

ನಾನು ಮಕ್ಕಳಿಗೆ ಹೇಳಿಕೊಡುವುದು ಎರಡು ತುದಿ ಮಾತ್ರ. ನಿಮ್ಮ ಅಭಿಪ್ರಾಯ ಎಲ್ಲಕ್ಕಿಂತ ಮುಂದೆ. ವಸ್ತು ಯಾವುದರಿಂದ ಆಗಿದೆ, ಯಾವ ಕೆಲಸಕ್ಕೆ ಎನ್ನುವುದು ನಾಮಪದಕ್ಕೆ ಅಂಟಿಕೊಂಡು. 'ಸ್ಟೀಲ್, ಬ್ಯೂಟಿಫುಲ್, ವಾಟರ್, ಸ್ಮಾಲ್, ಬಾಟಲ್' ತಗೊಳ್ಳಿ. ಬ್ಯೂಟಿಫುಲ್ ನಿಮ್ಮ ಅನಿಸಿಕೆ, ಮೊದಲಿಗೆ ಹೋಯ್ತು. ವಾಟರ್ ಅನ್ನೋದು ಕೆಲಸ, ಬಾಟಲ್ ಪಕ್ಕಕ್ಕೆ. ಅದಕ್ಕಿಂತ ಮೊದಲು ಸ್ಟೀಲ್. ಉಳಿದ ಸ್ಮಾಲ್ ತಾನಾಗೇ ನಡುವೆ ಕೂರುತ್ತೆ: 'ಎ ಬ್ಯೂಟಿಫುಲ್ ಸ್ಮಾಲ್ ಸ್ಟೀಲ್ ವಾಟರ್ ಬಾಟಲ್'. ನಡುವೆ ಎರಡು ಮೂರು ಪದ ಉಳಿದರೆ ಮಾತ್ರ ಸೂತ್ರ ನೆನಪಿಸಿಕೊಂಡರಾಯಿತು. ಹೇಗೂ ಒಂದೇ ನಾಮಪದಕ್ಕೆ ಮೂರಕ್ಕಿಂತ ಜಾಸ್ತಿ ವಿಶೇಷಣ ಬರೆಯುವವರು ವ್ಯಾಕರಣ ಪುಸ್ತಕದವರು ಮಾತ್ರ!

ನಮಗೆ ತಪ್ಪಾಗುವುದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ 'ಮರದ ಹಳೇ ಪೆಟ್ಟಿಗೆ', 'ಹಳೇ ಮರದ ಪೆಟ್ಟಿಗೆ' ಎರಡೂ ನಡೆಯುತ್ತವೆ. ಇಂಗ್ಲಿಷಿನಲ್ಲಿ 'ವುಡನ್ ಓಲ್ಡ್ ಬಾಕ್ಸ್' ಕಿವಿಗೆ ಹೊಡೆಯುತ್ತೆ.

ಇನ್ನೊಂದು, 'ಬಿಗ್ ಬ್ಯಾಡ್ ವುಲ್ಫ್' ಈ ಸೂತ್ರಕ್ಕೆ ಸಿಗುವುದಿಲ್ಲ. ಅಭಿಪ್ರಾಯ ಮೊದಲು ಬರಬೇಕಿತ್ತು, ಬಂದಿಲ್ಲ. 'ಟಿಕ್ ಟಾಕ್', 'ಜಿಗ್ ಜ್ಯಾಗ್' ಥರ ಇ-ಕಾರ ಮುಂದೆ ಬರುವ ಅಭ್ಯಾಸ ಅಲ್ಲಿ ಗೆದ್ದಿದೆ ಅಂತ ಕೆಲವರು ಹೇಳುತ್ತಾರೆ. ಪರೀಕ್ಷೆಯಲ್ಲಿ ಅದನ್ನು ಉದಾಹರಣೆ ಕೊಡಲು ಹೋಗಬೇಡಿ.