ಫೋಟೋದಲ್ಲಿ ಬಂದ ಪಟ್ಟಿ ನೋಡಿ ಮಾಡೆಲ್ ಆರಿಸಬಹುದೇ? ಪರ-ವಿರೋಧ

ಸೆಮಿನಾರ್‌ನಲ್ಲಿ ಪರದೆಯ ಮೇಲೆ ನಾಲ್ಕೈದು ರಿಗ್ರೆಶನ್ ಮಾಡೆಲ್‌ಗಳ ಹೋಲಿಕೆ ಪಟ್ಟಿ ಬರುತ್ತದೆ. ಯಾರೋ ಫೋಟೋ ಹೊಡೆದು ಗೆಳೆಯರಿಗೆ ಕಳಿಸಿ "ಇದರಲ್ಲಿ ಯಾವುದು ತಗೊಳ್ಳೋದು?" ಅಂತ ಕೇಳುತ್ತಾರೆ. ಡೇಟಾ ಇಲ್ಲ, ಕೋಡ್ ಇಲ್ಲ. ಇರುವುದು ಎರಡು ಕಾಲಂ: ಎಐಸಿ ಮತ್ತು ಅಡ್ಜಸ್ಟೆಡ್ ಆರ್ ಸ್ಕ್ವೇರ್. ಮಾಡೆಲ್ ಡೇಟಾಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಅಳೆದು, ಚರಾಂಶ ಹೆಚ್ಚಾದಷ್ಟೂ ದಂಡ ಹಾಕುವ ಅಂಕಿಗಳು ಇವು. ಇಷ್ಟನ್ನೇ ನಂಬಿ ಮಾಡೆಲ್ ಆರಿಸಬಹುದೇ?

ಪರ: ಎರಡು ಕಾಲಂ ಇದ್ದರೆ ಸಾಕು

ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕಲಿಯುವವರೆಲ್ಲ ಒಮ್ಮೆಯಾದರೂ ಮುಟ್ಟುವ `mtcars` ಡೇಟಾವನ್ನೇ ತೆಗೆದುಕೊಳ್ಳೋಣ. 1974ರ ಮೋಟಾರ್ ಟ್ರೆಂಡ್ ಪತ್ರಿಕೆಯಿಂದ ತೆಗೆದ 32 ಕಾರುಗಳ ಲೆಕ್ಕ ಅದು. `mpg` ಅಂದರೆ ಮೈಲೇಜು, `wt` ಕಾರಿನ ತೂಕ, `hp` ಎಂಜಿನ್ನಿನ ಶಕ್ತಿ. ಫೋಟೋದಲ್ಲಿ ಈ ಪಟ್ಟಿ ಇದೆ ಅಂದುಕೊಳ್ಳಿ:

| ಮಾಡೆಲ್ | ಅಡ್ಜಸ್ಟೆಡ್ ಆರ್ ಸ್ಕ್ವೇರ್ | ಎಐಸಿ |
|---|---|---|
| `mpg ~ wt` | 0.7446 | 166.03 |
| `mpg ~ wt + hp` | 0.8148 | 156.65 |
| `mpg ~ wt + I(wt^2)` | 0.8066 | 158.05 |
| `mpg ~ .` | 0.8066 | 163.71 |

`~` ಅಂದರೆ ಎಡಕ್ಕಿರುವುದನ್ನು ಬಲಕ್ಕಿರುವುದರಿಂದ ಊಹಿಸುವುದು. ಕೊನೆಯ ಸಾಲಿನ ಚುಕ್ಕೆ ಅಂದರೆ ಇರುವ ಹತ್ತೂ ಚರಾಂಶಗಳನ್ನು ತುಂಬಿದ ಮಾಡೆಲ್. ಅಡ್ಜಸ್ಟೆಡ್ ಆರ್ ಸ್ಕ್ವೇರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಎಐಸಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡೂ ಎರಡನೇ ಸಾಲಿನ ಕಡೆಗೇ ಬೆರಳು ತೋರಿಸುತ್ತಿವೆ.

ಮೂರನೇ ಮತ್ತು ನಾಲ್ಕನೇ ಸಾಲು ನೋಡಿ. ಅಡ್ಜಸ್ಟೆಡ್ ಆರ್ ಸ್ಕ್ವೇರ್ ನಾಲ್ಕು ದಶಾಂಶದವರೆಗೂ ಒಂದೇ. ಒಂದರಲ್ಲಿ ತೂಕ ಮತ್ತು ತೂಕದ ವರ್ಗ, ಇನ್ನೊಂದರಲ್ಲಿ ಹತ್ತು ಚರಾಂಶ. ಆ ಒಂದೇ ಕಾಲಂ ನೋಡಿದರೆ ಎರಡೂ ಸಮ ಅನಿಸುತ್ತದೆ. ಎಐಸಿ ಮಾತ್ರ ಹತ್ತು ಚರಾಂಶದ ಮಾಡೆಲನ್ನು 5.66 ಅಂಕ ಹಿಂದೆ ತಳ್ಳಿದೆ. ಕಾರಣ ಸರಳ. ಹೊಸ ಚರಾಂಶವೊಂದು ಸೇರಿದಾಗ ಅದರ ಟಿ ಬೆಲೆ, ಅಂದರೆ ಗುಣಾಂಕವನ್ನು ಅದರ ಪ್ರಮಾಣಿತ ದೋಷದಿಂದ ಭಾಗಿಸಿದ ಸಂಖ್ಯೆ, ಒಂದನ್ನು ದಾಟಿದರೆ ಸಾಕು, ಅಡ್ಜಸ್ಟೆಡ್ ಆರ್ ಸ್ಕ್ವೇರ್ ಏರುತ್ತದೆ. ಎಐಸಿ ಇಳಿಯಬೇಕಾದರೆ ಸುಮಾರು 1.4 ದಾಟಬೇಕು. ಅಡ್ಜಸ್ಟೆಡ್ ಆರ್ ಸ್ಕ್ವೇರ್ ಸ್ವಲ್ಪ ಉದಾರಿ, ಎಐಸಿ ಬಿಗಿ. ಹಾಗಾಗಿ ಎರಡೂ ಜಗಳವಾಡಿದಾಗ ನಾನು ಎಐಸಿ ಪರ ನಿಲ್ಲುತ್ತೇನೆ. ಬರೀ 32 ಸಾಲಿನ ಡೇಟಾಕ್ಕೆ ಹತ್ತು ಚರಾಂಶ ಹೊರಿಸುವವರಿಗೆ ಅಷ್ಟು ಬಿಗಿ ಬೇಕೇ ಬೇಕು.

ಫೋಟೋ ಮಸುಕಾಗಿರುತ್ತದೆ, ಅಂಕಿ ತಪ್ಪಾಗಿ ಓದಿಬಿಡುತ್ತೇವೆ ಅನ್ನುವುದು ಸಾಮಾನ್ಯ ಆಕ್ಷೇಪ. 156.65 ಅನ್ನುವುದು 166.65 ಥರ ಕಾಣಬಹುದು, 150.65 ಥರವೂ ಕಾಣಬಹುದು. ಇದಕ್ಕೆ ಪಟ್ಟಿಯಲ್ಲೇ ಉತ್ತರ ಇದೆ. ಎರಡು ಕಾಲಂಗಳೂ ಒಂದೇ ಮೂಲದಿಂದ ಬಂದವು: ಮಾಡೆಲ್ ಹೇಳಿದ ಬೆಲೆಗೂ ನಿಜವಾದ ಬೆಲೆಗೂ ಇರುವ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿಸಿದ ಮೊತ್ತ. ಡೇಟಾದಲ್ಲಿ ಎಷ್ಟು ಸಾಲು ಅಂತ ಗೊತ್ತಿದ್ದರೆ ಒಂದು ಕಾಲಂನಿಂದ ಇನ್ನೊಂದು ಕಾಲಂನ ವ್ಯತ್ಯಾಸವನ್ನು ಲೆಕ್ಕ ಹಾಕಬಹುದು.

ಮೊದಲ ಎರಡು ಸಾಲುಗಳಿಗೆ ಮಾಡಿ ನೋಡೋಣ. 1ರಿಂದ ಅಡ್ಜಸ್ಟೆಡ್ ಆರ್ ಸ್ಕ್ವೇರ್ ಕಳೆದರೆ 0.2554 ಮತ್ತು 0.1852 ಸಿಗುತ್ತವೆ. ಮೊದಲ ಮಾಡೆಲ್‌ನಲ್ಲಿ ಎರಡು ಗುಣಾಂಕ ಇರುವುದರಿಂದ 32ರಲ್ಲಿ 30 ಉಳಿಯುತ್ತದೆ, ಎರಡನೆಯದರಲ್ಲಿ 29.

```r
32 * log((0.2554 / 0.1852) * (30 / 29)) - 2
```

ಕೊನೆಯ 2 ಅನ್ನುವುದು ಹೆಚ್ಚುವರಿ ಒಂದು ಚರಾಂಶಕ್ಕೆ ಎಐಸಿ ಹಾಕುವ ದಂಡ. ಉತ್ತರ 9.37. ಪಟ್ಟಿಯಲ್ಲಿ 166.03ರಿಂದ 156.65 ಕಳೆದರೆ 9.38. ದಶಾಂಶಗಳನ್ನು ಮೊಟಕು ಮಾಡುವಾಗ ಬಂದ ಕೂದಲೆಳೆ ವ್ಯತ್ಯಾಸ ಬಿಟ್ಟರೆ ತಾಳೆ ಆಯಿತು. ಅದೇ 166.65 ಅಂತ ಓದಿದ್ದರೆ ವ್ಯತ್ಯಾಸ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು, 150.65 ಅಂತ ಓದಿದ್ದರೆ 15 ದಾಟುತ್ತಿತ್ತು. ಎರಡೂ ತಪ್ಪು ಓದುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಒಂದೇ ಕಾಲಂ ಇರುವ ಪಟ್ಟಿಯಲ್ಲಿ ಈ ಸೌಲಭ್ಯ ಇಲ್ಲ.

ಒಂದು ಮಿತಿ ಹಾಕಿಕೊಳ್ಳುತ್ತೇನೆ. ಎರಡನೇ ಮತ್ತು ಮೂರನೇ ಸಾಲಿನ ಎಐಸಿಗಳ ನಡುವೆ ಇರುವುದು 1.4 ಅಷ್ಟೇ. ಇಷ್ಟಕ್ಕೆ ಗೆದ್ದವರು ಸೋತವರು ಅಂತ ಹೇಳುವುದಿಲ್ಲ. `hp` ಅಳತೆ ಕೈಯಲ್ಲಿದ್ದರೆ ಎರಡನೆಯದು, ಬರೀ ತೂಕ ಗೊತ್ತಿದ್ದರೆ ಮೂರನೆಯದು. ಮೊದಲನೆಯದನ್ನೂ ನಾಲ್ಕನೆಯದನ್ನೂ ಬಿಡಲು ಮಾತ್ರ ಈ ಫೋಟೋ ಧಾರಾಳ ಸಾಕು.

ವಿರೋಧ: ಪಟ್ಟಿಯ ಹೊರಗೆ ಉಳಿದದ್ದೇ ತೀರ್ಮಾನ ಮಾಡುತ್ತದೆ

`mtcars` ತುಂಬಾ ಸಭ್ಯ ಡೇಟಾ. ಅದರಲ್ಲಿ ಒಂದು ಖಾಲಿ ಜಾಗವೂ ಇಲ್ಲ, ನಾಲ್ಕೂ ಮಾಡೆಲ್‌ಗಳು ಅದೇ 32 ಕಾರುಗಳನ್ನು ನೋಡಿವೆ. ಆರ್ ಜೊತೆಗೇ ಬರುವ ಇನ್ನೊಂದು ಡೇಟಾ `airquality` ತೆಗೆದರೆ ಕಥೆ ಬೇರೆ. 1973ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕಿನ ಗಾಳಿಯ ಅಳತೆಗಳು, ಒಟ್ಟು 153 ದಿನ. ಓಝೋನ್ 37 ದಿನ ದಾಖಲಾಗಿಲ್ಲ, ಬಿಸಿಲಿನ ಅಳತೆ 7 ದಿನ ಇಲ್ಲ. ಫೋಟೋದಲ್ಲಿ ಬರುವುದು ಇಷ್ಟು:

| ಮಾಡೆಲ್ | ಅಡ್ಜಸ್ಟೆಡ್ ಆರ್ ಸ್ಕ್ವೇರ್ | ಎಐಸಿ |
|---|---|---|
| `Ozone ~ Wind + Temp` | 0.5611 | 1049.74 |
| `Ozone ~ Wind + Temp + Solar.R` | 0.5948 | 998.72 |

ಬಿಸಿಲನ್ನು ಸೇರಿಸಿದ ಕೂಡಲೇ ಎಐಸಿ 51 ಇಳಿದಿದೆ. ಎರಡು ಕಾಲಂಗಳೂ ಒಂದೇ ಮಾತು ಹೇಳುತ್ತಿವೆ. ಇನ್ನೇನು ಬೇಕು, ಅಲ್ವಾ?

ಬೇಕಿರುವುದು ಕತ್ತರಿಸಿಹೋದ ಒಂದು ಕಾಲಂ. ಆರ್‌ನಲ್ಲಿ ರಿಗ್ರೆಶನ್ ಮಾಡುವ `lm` ಖಾಲಿ ಇರುವ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೊದಲ ಮಾಡೆಲ್ 116 ದಿನಗಳನ್ನು ನೋಡಿದೆ. ಎರಡನೆಯದು ಬಿಸಿಲಿನ ಅಳತೆ ಇಲ್ಲದ ಇನ್ನೂ 5 ದಿನ ಬಿಟ್ಟು 111 ದಿನ ನೋಡಿದೆ. ಎಐಸಿ ಒಂದೊಂದು ಸಾಲಿಗೂ ಇಷ್ಟಿಷ್ಟು ಅಂತ ಕೂಡುತ್ತಾ ಹೋಗುವ ಮೊತ್ತ. ಇಲ್ಲಿ ಒಂದು ಸಾಲಿಗೆ ಸುಮಾರು 9 ಬೀಳುತ್ತದೆ. ಐದು ಸಾಲು ಕಡಿಮೆಯಾದರೆ ಮಾಡೆಲ್ ಏನೂ ಸುಧಾರಿಸದೆ ಎಐಸಿ 45ರ ಆಸುಪಾಸು ಇಳಿಯುತ್ತದೆ. ಎರಡನ್ನೂ ಅದೇ 111 ದಿನಗಳ ಮೇಲೆ ಓಡಿಸಿದರೆ ನಿಜ ಗೊತ್ತಾಗುತ್ತದೆ:

```r
d <- na.omit(airquality)
AIC(lm(Ozone ~ Wind + Temp, data = d))
```

ಇದು 1003.42 ಕೊಡುತ್ತದೆ. ಅಂದರೆ ಬಿಸಿಲಿನಿಂದ ಆದ ಲಾಭ 51 ಅಲ್ಲ, 4.7. ಅಡ್ಜಸ್ಟೆಡ್ ಆರ್ ಸ್ಕ್ವೇರ್ ಕೂಡ ಏರಿದ್ದು 0.5611ರಿಂದ ಅಲ್ಲ, ಸುಮಾರು 0.574ರಿಂದ. ಕೊನೆಗೆ ಗೆದ್ದ ಮಾಡೆಲ್ ಅದೇ ಆಯಿತಲ್ಲ ಅನ್ನಬಹುದು. ಈ ಡೇಟಾದಲ್ಲಿ ಆಯಿತು. ಆದರೆ ಬಿಸಿಲಿನ ಬದಲು ಯಾವ ಕೆಲಸಕ್ಕೂ ಬಾರದ ಒಂದು ಕಾಲಂ ಹಾಕಿ, ಅದರಲ್ಲೂ ಇಂಥದ್ದೇ ಐದು ಖಾಲಿ ಜಾಗ ಇದ್ದರೆ ಅದೂ 40ಕ್ಕಿಂತ ಜಾಸ್ತಿ ಅಂಕದಿಂದ "ಗೆಲ್ಲುತ್ತದೆ".

ಪರ ಬರೆದವರ ತಾಳೆ ಲೆಕ್ಕ ಜಾಣತನದ್ದು, ಒಪ್ಪುತ್ತೇನೆ. ಅದನ್ನು ಇಲ್ಲಿ ಹಾಕಿ ನೋಡಿದೆ. ಎರಡೂ ಸಾಲಿಗೆ 116 ದಿನ ಅಂದುಕೊಂಡರೆ ಎಐಸಿ ವ್ಯತ್ಯಾಸ ಸುಮಾರು 8 ಬರಬೇಕು, ಪಟ್ಟಿಯಲ್ಲಿ 51 ಇದೆ. ಏನೋ ಎಡವಟ್ಟಾಗಿದೆ ಅಂತ ಲೆಕ್ಕ ಕೂಗಿ ಹೇಳುತ್ತದೆ, ನಿಜ. ಏನು ಎಡವಟ್ಟು ಅಂತ ಹೇಳುವುದಿಲ್ಲ. ಅಂಕಿ ತಪ್ಪಾಗಿ ಓದಿದೆವಾ, ಸಾಲು ಬಿಟ್ಟುಹೋಗಿದೆಯಾ, ಬೇರೆ ಸಾಫ್ಟ್‌ವೇರ್‌ನಿಂದ ಬಂದ ಅಂಕಿಯಾ? ನಿಜವಾದ ಉತ್ತರ 4.7 ಅನ್ನುವುದು ಆ ಲೆಕ್ಕದಿಂದ ಎಂದಿಗೂ ಹೊರಡುವುದಿಲ್ಲ. ಇನ್ನೊಂದು ವಿಷಯ: ಎರಡು ಮಾಡೆಲ್‌ಗಳನ್ನು ಒಟ್ಟಿಗೆ `AIC()` ಒಳಗೆ ಕೊಟ್ಟರೆ ಸಾಲುಗಳ ಸಂಖ್ಯೆ ಒಂದೇ ಅಲ್ಲ ಅಂತ ಆರ್ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ಬರುವುದು ಕನ್ಸೋಲ್‌ನಲ್ಲಿ. ಸ್ಲೈಡಿಗೆ ಅದನ್ನು ಯಾರೂ ಅಂಟಿಸುವುದಿಲ್ಲ.

ಸಾಫ್ಟ್‌ವೇರ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. `mpg ~ wt + qsec + am` ಅನ್ನುವ ಒಂದೇ ಮಾಡೆಲ್‌ಗೆ ಆರ್‌ನ `AIC()` 154.12 ಅನ್ನುತ್ತದೆ. ಅದೇ ಆರ್‌ನ `step()` 61.31 ಅನ್ನುತ್ತದೆ. ಪೈಥಾನಿನ `statsmodels` 152.1 ಅನ್ನುತ್ತದೆ. ಸ್ಥಿರ ಪದಗಳನ್ನು ಒಂದು ಸೇರಿಸುತ್ತದೆ, ಇನ್ನೊಂದು ಬಿಡುತ್ತದೆ, ಮೂರನೆಯದು ಹರಡಿಕೆಯನ್ನು ಒಂದು ಅಂದಾಜಾಗಿ ಎಣಿಸುವುದಿಲ್ಲ. ಎರಡು ಕಡೆಯಿಂದ ಬಂದ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವವರು ಇದ್ದಾರೆ, ಅವರಿಗಾಗಿ ಇಷ್ಟು.

ಇದಕ್ಕಿಂತ ದೊಡ್ಡ ತೊಂದರೆ ಲಾಗ್ ತೆಗೆದ ಮಾಡೆಲ್‌ನದು. ಮೈಲೇಜು ಮತ್ತು ತೂಕದ ಸಂಬಂಧ ನೇರ ಗೆರೆಯಲ್ಲ, ಬಾಗಿದೆ. ಹಾಗಾಗಿ ಪಟ್ಟಿಯಲ್ಲಿ `log(mpg) ~ wt` ಅನ್ನುವ ಸಾಲೂ ಸೇರಿಕೊಳ್ಳುವುದು ಸಹಜ. ಅದರ ಅಡ್ಜಸ್ಟೆಡ್ ಆರ್ ಸ್ಕ್ವೇರ್ 0.79, ಎಐಸಿ ಸುಮಾರು −32.9. ಮೈನಸ್ ಗುರುತು ಪರದೆಯ ಹೊಳಪಿನಲ್ಲಿ ಮಾಯವಾಗಿದ್ದರೂ ಚಿಂತೆಯಿಲ್ಲ, 32.9 ಅಂತ ಓದಿದರೂ 166.03ರ ಎದುರು ಅದು ಭಾರಿ ಗೆಲುವಿನ ಹಾಗೇ ಕಾಣುತ್ತದೆ. ಎರಡೂ ಸುಳ್ಳು. ಒಂದು ಮಾಡೆಲ್ ಮೈಲೇಜನ್ನು ಊಹಿಸುತ್ತಿದೆ, ಇನ್ನೊಂದು ಮೈಲೇಜಿನ ಲಾಗರಿದಮ್ ಅನ್ನು. ಅಳತೆಗೋಲೇ ಬೇರೆ. ಅಡ್ಜಸ್ಟೆಡ್ ಆರ್ ಸ್ಕ್ವೇರ್ ಕೂಡ ಇಲ್ಲಿ ಹೋಲಿಕೆಗೆ ಬರುವುದಿಲ್ಲ, ಏಕೆಂದರೆ ಅದು ಲಾಗ್ ಮಾಡಿದ ಬೆಲೆಗಳ ಏರಿಳಿತದಲ್ಲಿ ಎಷ್ಟು ಪಾಲು ಹಿಡಿದೆ ಅಂತ ಹೇಳುತ್ತಿದೆ.

ಸರಿಪಡಿಸುವ ದಾರಿ ಇದೆ. ಮೂಲ `mpg` ಬೆಲೆಗಳ ಲಾಗರಿದಮ್ ತೆಗೆದು ಕೂಡಿಸಿ, ಆ ಮೊತ್ತದ ಎರಡರಷ್ಟನ್ನು ಲಾಗ್ ಮಾಡೆಲ್‌ನ ಎಐಸಿಗೆ ಸೇರಿಸಬೇಕು. ಮೊತ್ತ 94.64, ಎರಡರಷ್ಟು 189.28. ಸೇರಿಸಿದಾಗ −32.9 ಹೋಗಿ 156.4 ಆಗುತ್ತದೆ. ನೇರ ಗೆರೆಯ 166.03ಕ್ಕಿಂತ ಲಾಗ್ ಮಾಡೆಲ್ ಈಗಲೂ ಮುಂದೆ, ಆದರೆ 199 ಅಲ್ಲ, ಹತ್ತಕ್ಕೆ ಹತ್ತಿರ. ಇನ್ನೂ ಮಜಾ ಅಂದರೆ ಪರ ಬರೆದವರು ಆರಿಸಿದ `wt + hp` ಮಾಡೆಲ್‌ನ 156.65ಕ್ಕೆ ಇದು ಹೆಚ್ಚೂಕಮ್ಮಿ ಸಮ, ಅದೂ `hp` ಹಂಗಿಲ್ಲದೆ, ಬರೀ ತೂಕದಿಂದ. ಆ 94.64 ಯಾವ ಹೋಲಿಕೆ ಪಟ್ಟಿಯಲ್ಲೂ ಅಚ್ಚಾಗುವುದಿಲ್ಲ. 32 ಕಾರುಗಳ ಮೈಲೇಜು ಕೈಗೆ ಸಿಕ್ಕಿದವರು ಮಾತ್ರ ಅದನ್ನು ಲೆಕ್ಕ ಹಾಕಬಲ್ಲರು.