ಸತ್ಯಾಂಶ: ವಿವರಣೆಯ ಒಂದು ಸಾಲು ಸಾಕೇ?

"ನಾನು ತೋರಿಸುವ ವಸ್ತುವನ್ನು ನನ್ನ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ ಎಂದು ವಿಡಿಯೊ ಕೆಳಗಿನ ವಿವರಣೆಯಲ್ಲಿ ಒಂದು ಸಾಲು ಬರೆದರೆ ಸಾಕಂತೆ, ನಿಜವೇ?"

ಸಾಲದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಇಂತಹ ಲಾಭದ ಸಂಬಂಧವನ್ನು ವಿಡಿಯೊದೊಳಗೇ, ಮಾತಿನಲ್ಲೂ ಪರದೆಯ ಬರಹದಲ್ಲೂ, ವಸ್ತುವನ್ನು ಯಾವ ಭಾಷೆಯಲ್ಲಿ ಶಿಫಾರಸು ಮಾಡುತ್ತಾರೋ ಅದೇ ಭಾಷೆಯಲ್ಲಿ ತಿಳಿಸಬೇಕು; ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ ಅವಿತಿಡುವಂತಿಲ್ಲ. ಮೊಬೈಲಿನಲ್ಲಿ ವಿವರಣೆ ಮಡಚಿಕೊಂಡೇ ಇರುತ್ತದೆಯಲ್ಲ!

ಸಿಂಧನೂರಿನ ಭತ್ತದ ಗದ್ದೆಯಲ್ಲಿ ನಿಂತು ಬ್ಯಾಟರಿ ಸ್ಪ್ರೇಯರ್ ತೋರಿಸುವವರು, "ಕೆಳಗಿನ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ" ಎಂದು ಯಂತ್ರವನ್ನು ಹೊಗಳುವ ಮೊದಲೇ ಹೇಳುವುದು ಲೇಸು. ಒಂದು ಚಾರ್ಜಿಗೆ ಎಷ್ಟು ಟ್ಯಾಂಕು ಸಿಂಪಡಿಸಬಹುದು, ನಾಜಲ್ ಮತ್ತು ವಾಷರ್ ಊರಿನ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ನೋಡದೆ, ಕಮಿಷನ್ನಿನ ದರವನ್ನಷ್ಟೇ ನೋಡಿ ಯಂತ್ರವನ್ನು ಆರಿಸಿದರೆ, ರೈತನ ಬೆನ್ನ ಮೇಲೆ ಔಷಧಿ ಸೋರಿದ ದಿನವೇ ಕಮೆಂಟಿನಲ್ಲಿ ಉತ್ತರ ಬರುತ್ತದೆ.