ಬಾಯಿ ಮುಚ್ಚಿದ ಯು

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬರೆದವನ ಹೆಸರು ಚಪಡ. ಎರಡು ಸಾವಿರದ ಇನ್ನೂರು ವರ್ಷಗಳಾಚೆಯೂ ನಮಗೆ ಇದು ಗೊತ್ತಿರುವುದಕ್ಕೆ ಕಾರಣ, ಅವನು ಶಾಸನದ ಕೊನೆಯಲ್ಲಿ ತನ್ನ ಹೆಸರನ್ನು ಓದಲು ಬರುವಂತೆ ಬರೆದದ್ದು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತನ್ನ ಉದ್ಯೋಗವನ್ನು ಹೇಳುವ 'ಲಿಪಿಕಾರ' ಎಂಬ ಪದವನ್ನು ಮಾತ್ರ ಅವನು ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದ. ತನಗೆ ಇನ್ನೊಂದು ಲಿಪಿಯೂ ಬರುತ್ತದೆಂದು ತೋರಿಸಿಕೊಳ್ಳುವ ಆಸೆ ಅವನಿಗೂ ಇದ್ದಿರಬೇಕು. ಆದರೆ ಆ ಆಸೆಯನ್ನು ಅವನು ರುಜುವಿನ ಮಟ್ಟಕ್ಕೆ ನಿಲ್ಲಿಸಿಕೊಂಡನೇ ಹೊರತು ರಾಜಾಜ್ಞೆಯ ಒಳಗೆ ತರಲಿಲ್ಲ.

ಹೋದ ತಿಂಗಳು ದಾವಣಗೆರೆಯಲ್ಲಿ ನಮ್ಮ ಸೋದರತ್ತೆಗೆ ಸಿಕ್ಕ ಔಷಧದ ಚೀಟಿಯಲ್ಲಿ ವ್ಯವಸ್ಥೆ ಇದಕ್ಕೆ ತಿರುಗುಮುರುಗಾಗಿತ್ತು. ವೈದ್ಯರ ಹೆಸರು, ಪದವಿಗಳು, ಭೇಟಿಯ ವೇಳೆ, ಭಾನುವಾರ ರಜೆ ಎಂಬ ಸೂಚನೆ, ಇವೆಲ್ಲವೂ ಮುತ್ತು ಪೋಣಿಸಿದಂತೆ ಅಚ್ಚಾಗಿದ್ದವು. ಖರೋಷ್ಠಿ ಶುರುವಾದದ್ದು ಅದರ ಕೆಳಗೆ, ಅಂದರೆ ಅತ್ತೆ ಬದುಕಿ ಉಳಿಯಲು ಓದಲೇಬೇಕಾದ ಎರಡು ಸಾಲುಗಳಲ್ಲಿ. ಬೆಳಿಗ್ಗೆ ಎಂಟು ಯೂನಿಟ್, ರಾತ್ರಿ ನಾಲ್ಕು ಯೂನಿಟ್ ಇನ್ಸುಲಿನ್ ಎಂಬುದು ವೈದ್ಯರ ಮನಸ್ಸಿನಲ್ಲಿದ್ದ ವಿಚಾರ. ಅವರು 8 ಬರೆದು ಅದರ ಮೈಗೆ ತಾಗಿಸಿ ಇಂಗ್ಲಿಷಿನ ಯು ಅಕ್ಷರ ಹಾಕಿದರು, 4ಕ್ಕೂ ಹಾಗೆಯೇ ಹಾಕಿದರು. ಅವಸರದ ಕೈಯಲ್ಲಿ ಯು ಅಕ್ಷರದ ಬಾಯಿ ಮುಚ್ಚಿಕೊಂಡಿತು. ಬಾಯಿ ಮುಚ್ಚಿದ ಯು ಎಂದರೆ ಸೊನ್ನೆ. ಮನೆಗೆ ಬಂದ ಚೀಟಿಯಲ್ಲಿ ಬೆಳಿಗ್ಗೆ 80, ರಾತ್ರಿ 40 ಎಂದಿತ್ತು.

ಮಾವ ನಿವೃತ್ತ ಗುಮಾಸ್ತರು. ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಜಾರಿಗೆ ತರುವುದು ಅವರ ಮೂವತ್ತು ವರ್ಷದ ಅಭ್ಯಾಸ. ಬೆಳಿಗ್ಗೆ ಕೆಂಪು ಮುಚ್ಚಳದ ಸಿರಿಂಜ್ ತೆಗೆದು ನೋಡಿದರೆ ಅದರ ಗೆರೆಗಳು 40ಕ್ಕೆ ಮುಗಿದಿದ್ದವು. 80 ಆಗಬೇಕಾದರೆ ಎರಡು ಸಲ ತುಂಬಿಸಿ ಎರಡು ಸಲ ಚುಚ್ಚಬೇಕು. ಹೆಂಡತಿಗೆ ಎರಡು ಸಲ ಚುಚ್ಚಲು ಮನಸ್ಸಾಗದೆ, ಅಥವಾ ಎರಡನೆಯ ಸಿರಿಂಜಿನ ಖರ್ಚು ನೆನೆದು (ಎರಡರಲ್ಲಿ ಯಾವುದೆಂದು ಅವರು ಇನ್ನೂ ಬಾಯಿ ಬಿಟ್ಟಿಲ್ಲ), ಅವರು ಮೆಡಿಕಲ್ ಶಾಪಿಗೆ ಫೋನು ಮಾಡಿದರು.

"ಯಜಮಾನ್ರೇ, ಅದು ಎಂಬತ್ತಲ್ಲ ರೀ, ಎಂಟು. ಪಕ್ಕದಲ್ಲಿರೋದು ಸೊನ್ನೆ ಅಲ್ಲ, ಯು. ನಾನು ನಿಮಗೆ ಒಂದೇ ಬಾಟ್ಲಿ ಕೊಟ್ಟಿದ್ದೀನಲ್ಲ, ಲೆಕ್ಕ ಹಾಕಿ ನೋಡ್ರಿ" ಎಂದರು ಅಂಗಡಿಯವರು.

ಲೆಕ್ಕ ನಿಜಕ್ಕೂ ಸರಳವಾಗಿತ್ತು. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ 10 ಮಿಲಿಲೀಟರಿನ ಬಾಟಲಿಯಲ್ಲಿ ಒಟ್ಟು 400 ಯೂನಿಟ್ ಇರುತ್ತದೆ. ದಿನಕ್ಕೆ ಹನ್ನೆರಡರಂತೆ ಅದು ಒಂದು ತಿಂಗಳು ದಾಟುತ್ತದೆ. ದಿನಕ್ಕೆ ನೂರಿಪ್ಪತ್ತರಂತೆ ನಾಲ್ಕನೆಯ ದಿನ ಖಾಲಿಯಾಗುತ್ತದೆ. ತಿಂಗಳ ಚೀಟಿಗೆ ಒಂದೇ ಬಾಟಲಿ ಎಂದಾಗಲೇ ಸಂಶಯ ಬರಬೇಕಿತ್ತು.

ಆದರೆ ನನಗೆ ನಿದ್ದೆ ಕೆಡಿಸಿದ್ದು ಆ ಎಂಬತ್ತಲ್ಲ, ಅದರ ಕೆಳಗಿನ ನಲವತ್ತು. ಎಂಬತ್ತು ದಡ್ಡ ತಪ್ಪು; ಸಿರಿಂಜಿನಲ್ಲಿ ಹಿಡಿಸದೆ ತಾನೇ ಸಿಕ್ಕಿಬಿದ್ದಿತು. ನಲವತ್ತು ಹಾಗಲ್ಲ. ಅದು ಸಿರಿಂಜಿನ ಕೊನೆಯ ಗೆರೆಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಸರಿಯಾಗಿ ಕೂರುತ್ತದೆ. ಚೀಟಿಯಲ್ಲಿ ರಾತ್ರಿಯ ಸಾಲೊಂದೇ ಇದ್ದಿದ್ದರೆ ಮಾವ ಯಾರನ್ನೂ ಕೇಳುತ್ತಿರಲಿಲ್ಲ, ಕೇಳಲು ಕಾರಣವೂ ಇರುತ್ತಿರಲಿಲ್ಲ. ಬೇಕಾದುದರ ಹತ್ತರಷ್ಟು ಇನ್ಸುಲಿನ್ ಒಳಗೆ ಹೋದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಬ್ಬಿಬ್ಬು ಶುರುವಾಗಿ ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಹಗಲಾದರೆ ಯಾರಾದರೂ ನೋಡಿ ಸಕ್ಕರೆ ನೀರು ಕುಡಿಸಿಯಾರು. ರಾತ್ರಿಯಾದರೆ ಮನೆಯವರೆಲ್ಲ "ಇವತ್ತು ಒಳ್ಳೆಯ ನಿದ್ದೆ ಬಂದಿದೆ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಾರೆ.

ಇದೇನು ಹೊಸ ಸಂಶೋಧನೆಯಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ ಚೀಟಿಯಲ್ಲಿ ಬರೆಯಲೇಬಾರದ ಸಂಕ್ಷೇಪಗಳ ಪಟ್ಟಿಯನ್ನು 2004ರಲ್ಲಿಯೇ ಮಾಡಿತು, ಅದರ ಮೊದಲ ಸಾಲಿನಲ್ಲಿಯೇ ಈ ಯು ಇದೆ. ಅದು ಸೊನ್ನೆಯಂತೆ ಕಾಣಬಹುದು, ಬಾಯಿ ತೆರೆದುಕೊಂಡರೆ ನಾಲ್ಕರಂತೆಯೂ ಕಾಣಬಹುದು. ಆದ್ದರಿಂದ 'ಯೂನಿಟ್' ಎಂದು ಪೂರ್ತಿ ಬರೆಯಿರಿ, ಅಂಕಿಗೂ ಪದಕ್ಕೂ ನಡುವೆ ಜಾಗ ಬಿಡಿ ಎಂಬುದು ಪರಿಹಾರ. ಇಷ್ಟಕ್ಕೆ ತಗಲುವ ಹೆಚ್ಚುವರಿ ಶಾಯಿ ಮೂರು ಅಕ್ಷರದ್ದು. ನಮ್ಮ ದೇಶದಲ್ಲಿಯೂ ನಿಯಮಕ್ಕೆ ಬರವಿಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಗೆ 2016ರಲ್ಲಿ ತಿದ್ದುಪಡಿ ತಂದು, ಔಷಧಗಳನ್ನು ಜನರಿಕ್ ಹೆಸರಿನಲ್ಲಿ, ಓದಲು ಬರುವಂತೆ, 'ಆದಷ್ಟು ಮಟ್ಟಿಗೆ' ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳಲಾಗಿದೆ. ನಮ್ಮ ರಾಜ್ಯಭಾರವೆಲ್ಲ ನಿಂತಿರುವುದು ಈ 'ಆದಷ್ಟು ಮಟ್ಟಿಗೆ' ಎಂಬ ಮೆತ್ತೆಯ ಮೇಲೆ. ಶುಲ್ಕವನ್ನು ಆದಷ್ಟು ಮಟ್ಟಿಗೆ ಪಾವತಿಸಿ ಎಂದು ಯಾವ ಕ್ಲಿನಿಕ್ಕಿನ ಗೋಡೆಯ ಮೇಲೂ ಬರೆದದ್ದನ್ನು ನಾನು ಕಂಡಿಲ್ಲ.

ಹಣದ ಮಾತು ಬಂದಾಗ ಈ ಊರು ಎಷ್ಟು ಜಾಗರೂಕವೆಂಬುದನ್ನು ನೋಡಬೇಕಾದರೆ ಬ್ಯಾಂಕಿಗೆ ಹೋಗಬೇಕು. ಚೆಕ್ಕಿನಲ್ಲಿ ಎಂಟು ನೂರು ರೂಪಾಯಿ ಬರೆಯಬೇಕಾದರೆ ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆದು, ಮುಂದೆ ಯಾರೂ ಸೊನ್ನೆ ಸೇರಿಸದಂತೆ 'ಮಾತ್ರ' ಎಂದು ಬೀಗ ಹಾಕಿ, ಗೆರೆ ಎಳೆಯುತ್ತೇವೆ. ಎಂಟು ನೂರು ರೂಪಾಯಿಗೆ ಇಷ್ಟು ಕಾವಲು; ಎಂಟು ಯೂನಿಟ್ಟಿಗೆ ಒಂದು ತೆರೆದ ಬಾಯಿಯ ಅಕ್ಷರ.

ರೂಪಾಯಿಯ ಅಭ್ಯಾಸವೇ ಔಷಧಕ್ಕೂ ಬಂದರೆ ಇನ್ನೊಂದು ಅನಾಹುತ. ಬಿಲ್ಲಿನಲ್ಲಿ ಐನೂರರ ಮುಂದೆ ಚುಕ್ಕೆಯಿಟ್ಟು ಎರಡು ಸೊನ್ನೆ ಬರೆಯುವ ಕೈ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ 1 ಮಿಲಿಗ್ರಾಮನ್ನೂ ಅಂದವಾಗಿ 1.0 ಎಂದು ಬರೆಯುತ್ತದೆ. ಚೀಟಿಯ ಕಾಗದಕ್ಕೆ ಗೆರೆ ಇರುತ್ತದೆ, ಚುಕ್ಕೆ ಸರಿಯಾಗಿ ಆ ಗೆರೆಯ ಮೇಲೆ ಕುಳಿತು ಕಣ್ಮರೆಯಾಗುತ್ತದೆ, ಒಂದು ಹೋಗಿ ಹತ್ತಾಗುತ್ತದೆ, ರೋಗಿಗೆ ಹಲ್ಲುಜ್ಜಿದಾಗ ವಸಡಿನಿಂದ ರಕ್ತ ಬಂದಾಗಲೇ ಆ ಚುಕ್ಕೆಯ ನೆನಪಾಗುವುದು. ಅರ್ಧ ಮಿಲಿಗ್ರಾಮಿನ ಮಾತ್ರೆಯನ್ನು ಬರೆಯುವಾಗ ಜಿಪುಣತನ ಇನ್ನೊಂದು ದಿಕ್ಕಿಗೆ ಹೊರಳುತ್ತದೆ: ಚುಕ್ಕೆಗೆ ಮೊದಲಿನ ಸೊನ್ನೆಯನ್ನು ಬಿಟ್ಟು ಬರೀ ಚುಕ್ಕೆ ಐದು ಎಂದು ಬರೆದರೆ, ಚುಕ್ಕೆ ಮಾಯವಾದ ಮೇಲೆ ಉಳಿಯುವುದು ಐದು. ಚುಕ್ಕೆಯ ನಂತರ ಬೇಡದ ಸೊನ್ನೆಯನ್ನು ತೆಗೆದು ಚುಕ್ಕೆಗೆ ಮೊದಲು ಬೇಕಾದ ಸೊನ್ನೆಯನ್ನು ಇಟ್ಟರೆ, ಅಂದರೆ 1 ಮತ್ತು 0.5 ಎಂದು ಬರೆದರೆ, ಎರಡೂ ಅನಾಹುತಗಳು ತಪ್ಪುತ್ತವೆ. ಇರುವ ಸೊನ್ನೆಗಳನ್ನೇ ಜಾಗ ಬದಲಿಸಿ ಇಡುವುದಕ್ಕೆ ಖರ್ಚೂ ಇಲ್ಲ.

ಇಷ್ಟೆಲ್ಲ ಆದರೂ ಊರಿನ ಜನರಿಗೆ ಅಸ್ಪಷ್ಟ ಕೈಬರಹದ ಮೇಲಿರುವ ಭಕ್ತಿ ಕಡಿಮೆಯಾಗಿಲ್ಲ. ಅಕ್ಷರ ತಿಳಿಯುವಂತಿದ್ದರೆ ವೈದ್ಯರು ಇನ್ನೂ ಹೊಸಬರು ಎಂದು ಅನುಮಾನಿಸುವವರನ್ನು ನಾನು ಬಲ್ಲೆ. ಆ ಬರಹವನ್ನು ಓದಬಲ್ಲವರು ಕ್ಲಿನಿಕ್ಕಿನ ಕೆಳಗಿರುವ ಅಂಗಡಿಯವರು ಮಾತ್ರ. ಅದೇ ಚೀಟಿಯನ್ನು ಹಳೇ ಪೇಟೆಗೆ ಒಯ್ದರೆ "ಅಲ್ಲೇ ತಗೊಳ್ರಿ" ಎಂದು ಕೈ ಮುಗಿಯುತ್ತಾರೆ. ಅವರು ಓದುವುದಾದರೂ ಹೇಗೆ? ಮೊದಲೆರಡು ಅಕ್ಷರ, ಕೊನೆಯ ಎರಡು ಅಕ್ಷರ, ನಡುವೆ ತುಂಗಭದ್ರೆಯ ತೆರೆಗಳು. ರಕ್ತದೊತ್ತಡಕ್ಕೆ ಕೊಡುವ ಹೈಡ್ರಾಲಜೀನ್, ತುರಿಕೆಗೆ ಕೊಡುವ ಹೈಡ್ರಾಕ್ಸಿಜೀನ್, ಎರಡಕ್ಕೂ ಹಿಂದುಮುಂದು ಒಂದೇ, ವ್ಯತ್ಯಾಸವಿರುವುದೆಲ್ಲ ತೆರೆಗಳ ಒಳಗೆ. ಹೆಸರಿನ ಪಕ್ಕದಲ್ಲಿ 'ತುರಿಕೆಗೆ' ಎಂದು ಒಂದು ಪದ ಬರೆದಿದ್ದರೆ ಅಂಗಡಿಯವರು ಊಹಿಸಬೇಕಾಗಿಲ್ಲ, ರೋಗಿಯೂ ತನಗೆ ಏನಾಗಿದೆಯೆಂದು ತಿಳಿದುಕೊಳ್ಳಬಹುದು. ಎರಡನೆಯದು ಬೇಡವೆಂಬ ಕಾರಣಕ್ಕೇ ಮೊದಲನೆಯದನ್ನು ಬಿಟ್ಟಿರುವಂತೆ ನನಗೆ ಕೆಲವೊಮ್ಮೆ ತೋರುತ್ತದೆ. ಗಣಕದಲ್ಲಿ ಅಚ್ಚು ಹಾಕಿ ಕೊಟ್ಟರೆ ಸರಿಹೋಗುತ್ತದೆ ಎನ್ನುವವರು, ಪರದೆಯ ಪಟ್ಟಿಯಲ್ಲಿ ಈ ಎರಡು ಹೆಸರುಗಳು ಹತ್ತಿರ ಹತ್ತಿರವೇ ಕುಳಿತಿರಬಹುದು ಎಂಬುದನ್ನು ನೆನೆಯಬೇಕು. ಬೆರಳು ಸ್ವಲ್ಪ ಜಾರಿದರೆ ಬರುವ ತಪ್ಪು ಅಚ್ಚುಕಟ್ಟಾಗಿ, ಯಾರಿಗೂ ಸಂಶಯ ಬರದಂತೆ ಬರುತ್ತದೆ.

ಸಂಜೆ ಮಾವನನ್ನು ಸಮಾಧಾನಪಡಿಸಲು ಬೆಣ್ಣೆ ದೋಸೆಯ ಹೋಟೆಲಿಗೆ ಕರೆದುಕೊಂಡು ಹೋದೆ. ಮಾಣಿಯ ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ನಾವು ಹೇಳಿದ್ದನ್ನು ಕೇಳಿ, "ಎರಡು ಬೆಣ್ಣೆ, ಒಂದು ಖಾಲಿ, ಒಂದಕ್ಕೆ ಬೆಣ್ಣೆ ಕಮ್ಮಿ, ಸರೀನಾ ರೀ?" ಎಂದು ನಮಗೇ ತಿರುಗಿ ಒಪ್ಪಿಸಿದ, ಒಲೆಯ ಕಡೆ ಕೂಗಿದ, ಒಲೆಯ ಬಳಿಯಿದ್ದವರು ಅದನ್ನು ಮತ್ತೊಮ್ಮೆ ಕೂಗಿದರು. ಫೋನಿನಲ್ಲಿ ಔಷಧದ ಪ್ರಮಾಣ ಹೇಳುವಾಗ ಕೇಳಿಸಿಕೊಂಡವರು ಅದನ್ನು ಬರೆದುಕೊಂಡು ತಿರುಗಿ ಓದಿ ಹೇಳಬೇಕು, ಇಂಗ್ಲಿಷಿನ ಫಿಫ್ಟೀನ್ ಫಿಫ್ಟಿಯಾಗದಂತೆ 'ಒಂದು, ಐದು' ಎಂದು ಅಂಕಿ ಬಿಡಿಸಿ ಹೇಳಬೇಕು ಎಂದು ಆಸ್ಪತ್ರೆಗಳಲ್ಲಿ ಕಲಿಸುವ ಪಾಠವೂ ಇದೇ. ದೋಸೆಯ ವಿಷಯದಲ್ಲಿ ದಾವಣಗೆರೆ ಅದನ್ನು ಎಂದೋ ಕಲಿತಿದೆ; ಡೋಸಿನ ವಿಷಯಕ್ಕೆ ಇನ್ನೂ ಬಂದಿಲ್ಲ.

ಮರುದಿನ ನಾನೇ ಚೀಟಿ ಹಿಡಿದು ವೈದ್ಯರ ಬಳಿಗೆ ಹೋಗಿ, ಯು ಅಕ್ಷರ ಸೊನ್ನೆಯಾದ ಕಥೆಯನ್ನು ವಿನಯದಿಂದ ಹೇಳಿ, ದಯವಿಟ್ಟು 'ಯೂನಿಟ್' ಎಂದು ಪೂರ್ತಿ ಬರೆದುಕೊಡಬೇಕೆಂದು ಕೇಳಿಕೊಂಡೆ. ಅವರು ಒಳ್ಳೆಯವರು. ಬೇಸರಪಡದೆ ನಕ್ಕು, ಹೊಸ ಹಾಳೆ ತೆಗೆದು, ಪೂರ್ತಿ ಪದವನ್ನೇ ಬರೆದುಕೊಟ್ಟರು. ನಾನು ಗೆದ್ದವನಂತೆ ಮೆಟ್ಟಿಲಿಳಿದು ಅಂಗಡಿಗೆ ಬಂದೆ. ಅಂದು ಯಜಮಾನರು ಮದುವೆಗೆ ಹೋಗಿದ್ದರು. ಗಲ್ಲೆಯಲ್ಲಿ ಹೊಸ ಹುಡುಗ ಕುಳಿತಿದ್ದ. ಚೀಟಿಯನ್ನು ಬೆಳಕಿಗೆ ಹಿಡಿದು, ಅಡ್ಡ ಹಿಡಿದು, ಬಹಳ ಹೊತ್ತು ನೋಡಿ, ಮರ್ಯಾದೆಯಿಂದ ವಾಪಸು ಕೊಟ್ಟ.

"ಸರ್, ಇದು ನಮ್ಮಲ್ಲಿ ಆಗಲ್ಲ ರೀ. ಬೆಳಿಗ್ಗೆ ಎಂಟು ಸಲ, ರಾತ್ರಿ ನಾಲ್ಕು ಸಲ ಯೂರಿನ್ ಟೆಸ್ಟ್ ಮಾಡಿಸೋಕೆ ಬರ್ದಿದ್ದಾರೆ. ಲ್ಯಾಬು ಪಕ್ಕದ ಓಣೀಲಿದೆ."